ಮೊದಲ ಭೇಟಿಯ ಹಿಂದಿನ ಸಂಜೆ ಏನು ಬರೆಯಬೇಕು?

ಕೆಲವು ದಿನಗಳಿಂದ ಮಾತಾಡುತ್ತಿದ್ದೀರಿ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವರಿರಬಹುದು, ಸ್ನೇಹಿತರ ಮದುವೆಯಲ್ಲಿ ನಂಬರ್ ಕೊಟ್ಟವರಿರಬಹುದು. ಅಂತೂ ನಾಳೆ ಮೊದಲ ಸಲ ಭೇಟಿಯಾಗೋಣ ಎಂದು ಇಬ್ಬರೂ ಒಪ್ಪಿದ್ದೀರಿ. ಹಿಂದಿನ ದಿನ ಸಂಜೆ ಫೋನ್ ಕೈಗೆತ್ತಿಕೊಂಡಾಗ ಹೊಸ ಕಷ್ಟ ಶುರುವಾಗುತ್ತದೆ. ಏನೂ ಬರೆಯದೆ ಸುಮ್ಮನಿದ್ದರೆ ಆಸಕ್ತಿ ಇಲ್ಲ ಅಂದುಕೊಂಡಾರು. ಬರೆದರೆ ಮೈಮೇಲೆ ಬಿದ್ದ ಹಾಗಾದೀತು. ನಾಲ್ಕು ಸಾಲು ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ‘ನಾಳೆ ಸಿಗೋಣ’ ಅಂತಲೋ ‘ನಂಗೆ ನಿದ್ದೆನೇ ಬರ್ತಿಲ್ಲ’ ಅಂತಲೋ ಕಳಿಸಿ ಮಲಗುವವರೇ ಹೆಚ್ಚು. ಮೊದಲನೆಯದು ಆಫೀಸಿನ ಮೀಟಿಂಗ್‌ಗೂ ಸಲ್ಲುವ ಮಾತು. ಎರಡನೆಯದನ್ನು ಓದಿದವರಿಗೆ ನಾಳೆ ನಿಮ್ಮ ಒಂದು ರಾತ್ರಿಯ ನಿದ್ದೆಗೆ ತಕ್ಕ ಹಾಗೆ ನಡೆದುಕೊಳ್ಳಬೇಕಲ್ಲ ಎಂಬ ಹೊರೆ.

ಕಳಿಸಬೇಕೇ ಬೇಡವೇ ಎಂದು ಕೇಳಿದರೆ, ಕಳಿಸಿ ಎನ್ನುತ್ತೇನೆ. ಒಂದೇ ಒಂದು ಮೆಸೇಜ್ ಸಾಕು. ಅದು ಹೇಗಿರಬೇಕು ಎನ್ನುವುದಕ್ಕೆ ಮೊದಲು, ಅದು ಯಾಕೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಕಾಯುವಿಕೆ ಎರಡು ಕಡೆಗೂ ಎಳೆಯುತ್ತದೆ

ಜಾರ್ಜ್ ಲೋವೆನ್‌ಸ್ಟೈನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1987ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಅವರು ಕೇಳಿದ ಪ್ರಶ್ನೆ ಹೀಗಿತ್ತು: ನಿಮಗೆ ಇಷ್ಟವಾದ ಸಿನಿಮಾ ತಾರೆಯಿಂದ ಒಂದು ಮುತ್ತು ಸಿಗುತ್ತದೆ ಎಂದುಕೊಳ್ಳಿ, ಅದಕ್ಕೆ ಎಷ್ಟು ದುಡ್ಡು ಕೊಡುತ್ತೀರಿ? ಈಗಲೇ ಸಿಗುವ ಮುತ್ತಿಗೆ ಹೆಚ್ಚು ಬೆಲೆ ಬರಬೇಕಿತ್ತು. ಆದರೆ ವಿದ್ಯಾರ್ಥಿಗಳು ಹೆಚ್ಚು ಬೆಲೆ ಕಟ್ಟಿದ್ದು 3 ದಿನ ಬಿಟ್ಟು ಸಿಗುವ ಮುತ್ತಿಗೆ. ಆ ಮೂರು ದಿನದ ಎದುರುನೋಟವೂ ಅವರ ಲೆಕ್ಕದಲ್ಲಿ ಸುಖವೇ ಆಗಿತ್ತು. ಅದೇ ಅಧ್ಯಯನದಲ್ಲಿ, ಅಪಾಯವಿಲ್ಲದಿದ್ದರೂ ನೋವಾಗುವ ವಿದ್ಯುತ್ ಶಾಕ್‌ನಿಂದ ತಪ್ಪಿಸಿಕೊಳ್ಳಲು ಎಷ್ಟು ಕೊಡುತ್ತೀರಿ ಎಂದೂ ಕೇಳಿದ್ದರು. ಅಲ್ಲಿಯೂ ಹೀಗೆಯೇ. ತುಂಬಾ ದಿನ ಕಾದು ಅನುಭವಿಸಬೇಕಾದ ಶಾಕ್ ತಪ್ಪಿಸಲು ಇನ್ನೂ ಹೆಚ್ಚು ಕೊಡುವುದಕ್ಕೆ ಸಿದ್ಧರಿದ್ದರು. ಕಾಯುವಾಗ ಆಸೆಯೂ ಬೆಳೆಯುತ್ತದೆ, ಅಂಜಿಕೆಯೂ ಬೆಳೆಯುತ್ತದೆ.

ಮೊದಲ ಭೇಟಿಯ ಹಿಂದಿನ ಸಂಜೆ ಆ ಕಡೆಯವರ ಮನಸ್ಸಿನಲ್ಲಿ ಎರಡೂ ಇರುತ್ತವೆ. ಏನು ಮಾತಾಡೋದು, ನನ್ನನ್ನು ನೋಡಿ ಏನಂದುಕೊಳ್ಳುತ್ತಾರೆ, ಬೋರ್ ಆದರೆ ಎದ್ದು ಬರುವುದು ಹೇಗೆ, ಯಾವ ಗೇಟಿನ ಹತ್ತಿರ ನಿಲ್ಲಬೇಕು, ಇವೆಲ್ಲ ಅಂಜಿಕೆಯ ಕಡೆಯವು. ನಿಮ್ಮ ಮೆಸೇಜ್ ಇವುಗಳಲ್ಲಿ ಒಂದೆರಡನ್ನು ಅಳಿಸಿ, ಆಸೆಯ ಕಡೆಗೆ ಒಂದು ಚಿಕ್ಕ, ಕಣ್ಣಿಗೆ ಕಟ್ಟುವಂಥ ಸಂಗತಿ ಇಟ್ಟರೆ ಅದರ ಕೆಲಸ ಮುಗಿಯಿತು. ನಿಮ್ಮ ಭಾವನೆ ಎಷ್ಟು ದೊಡ್ಡದು ಎಂದು ತೋರಿಸುವುದು ಅದರ ಕೆಲಸವಲ್ಲ. ಹಾಗೆ ತೋರಿಸಿದರೆ ಎದುರಿನವರು ಅದಕ್ಕೆ ಏನಾದರೂ ತಿರುಗಿ ಕೊಡಬೇಕಾಗುತ್ತದೆ. ಇನ್ನೂ ನಿಮ್ಮನ್ನು ಕಣ್ಣಾರೆ ನೋಡಿಲ್ಲದವರ ಹತ್ತಿರ ಕೊಡುವುದಕ್ಕೆ ಏನಿರುತ್ತದೆ?

ಒತ್ತಡವನ್ನು ಗುರುತಿಸಲು ನನಗೆ ತಿಳಿದ ಸರಳ ಪರೀಕ್ಷೆ ಒಂದಿದೆ. ಬರೆದದ್ದನ್ನು ಓದಿಕೊಂಡು, ‘ಇದನ್ನು ಓದಿದ ಮೇಲೆ ಅವರು ಏನು ಮಾಡಬೇಕಾಗುತ್ತದೆ?’ ಎಂದು ಕೇಳಿಕೊಳ್ಳಿ. ಭರವಸೆ ಕೊಡಬೇಕು, ಹೊಗಳಬೇಕು, ಸಮಾಧಾನ ಹೇಳಬೇಕು, ಯೋಚಿಸಿ ಉತ್ತರ ಬರೆಯಬೇಕು ಎಂದಾದರೆ ನೀವು ಅವರಿಗೆ ಕೆಲಸ ಹಚ್ಚಿದ್ದೀರಿ. ಮುಗುಳ್ನಕ್ಕು ಫೋನ್ ಪಕ್ಕಕ್ಕಿಟ್ಟು ಊಟಕ್ಕೆ ಕೂರಬಹುದು ಎಂದಾದರೆ ಸರಿಯಾಗಿದೆ.

ಬರೆಯುವ ಮೊದಲು

ಭೇಟಿಯ ಸಮಯ, ಜಾಗ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಈ ಮೆಸೇಜ್ ಬರೆಯಲು ಹೋಗಬೇಡಿ. ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಿ, ಅದೂ ಹಿಂದಿನ ದಿನ ಮಧ್ಯಾಹ್ನದೊಳಗೆ. ‘ನಾಳೆ ಎಲ್ಲಿ, ಎಷ್ಟೊತ್ತಿಗೆ?’ ಎಂಬ ಚೌಕಾಶಿಯೂ ಪ್ರೀತಿಯ ಮಾತೂ ಒಂದೇ ಮೆಸೇಜಿನಲ್ಲಿ ಬಂದರೆ ಚೌಕಾಶಿಯೇ ಗೆಲ್ಲುತ್ತದೆ. ರಾತ್ರಿ 9 ಗಂಟೆಗೆ ಜಾಗ ಹುಡುಕುತ್ತಾ ಕೂತರೆ ಎದುರಿನವರಿಗೆ ನಾಳೆಯ ಭೇಟಿಯೇ ಅನುಮಾನ ಅನಿಸುತ್ತದೆ.

ಎಲ್ಲ ನಿಗದಿಯಾಗಿದ್ದರೆ ಸಂಜೆ 7:30ರಿಂದ 9ರೊಳಗೆ ಕಳಿಸುವುದು ಒಳ್ಳೆಯದು. ಅಷ್ಟೊತ್ತಿಗೆ ಬಸ್ಸು, ಮೆಟ್ರೋ ಹಿಡಿದು ಮನೆ ಮುಟ್ಟಿರುತ್ತಾರೆ. ಏನಾದರೂ ಬದಲಾವಣೆ ಇದ್ದರೆ ಹೇಳಲು ಇನ್ನೂ ಸಮಯ ಇರುತ್ತದೆ. ರಾತ್ರಿ 11:30ಕ್ಕೆ ಬಂದರೆ ಅದೇ ಮಾತಿನ ಬಣ್ಣ ಬೇರೆಯಾಗುತ್ತದೆ. ಮಲಗುವ ಹೊತ್ತಿನಲ್ಲಿ ಬಂದ ಮೆಸೇಜಿಗೆ, ನೀವು ಕೊಡದೇ ಇದ್ದ ಒಂದು ಸಲಿಗೆ ತಾನಾಗಿ ಸೇರಿಕೊಳ್ಳುತ್ತದೆ.

ಇನ್ನೊಂದು ವಿಷಯ ನಮ್ಮ ಮನೆಗಳಿಗೇ ಸಂಬಂಧಿಸಿದ್ದು. ಇಪ್ಪತ್ತೇಳು ವರ್ಷದವರೂ ಅಪ್ಪ ಅಮ್ಮನ ಜತೆ ಇರುವ ಮನೆ ನಮ್ಮದು. ಪಿ.ಜಿ.ಯಲ್ಲಿದ್ದರೆ ರೂಮಿನಲ್ಲಿ ಇನ್ನಿಬ್ಬರು. ಸಂಜೆ ಫೋನ್ ಊಟದ ಮೇಜಿನ ಮೇಲೆ ಚಾರ್ಜಿಗಿಟ್ಟಿರುತ್ತದೆ. ಮೆಸೇಜ್ ಬಂದರೆ ಲಾಕ್ ಆಗಿರುವ ತೆರೆಯ ಮೇಲೆ ನಿಮ್ಮ ಹೆಸರು, ಜತೆಗೆ ಮೊದಲ ಸಾಲು ಬೆಳಗುತ್ತದೆ. ಸಾರು ಬಡಿಸುತ್ತಿರುವ ಅಮ್ಮನ ಕಣ್ಣು ಅದರ ಮೇಲೆ ಬೀಳಲು ಒಂದು ಕ್ಷಣ ಸಾಕು. ಅವರು ಮನೆಯಲ್ಲಿ ಹೇಳಿದ್ದಾರೋ ಇಲ್ಲವೋ ನಿಮಗೆ ಗೊತ್ತಿಲ್ಲ. ಆದ್ದರಿಂದ ಮೊದಲ ಹತ್ತು ಪದ ಯಾರು ಓದಿದರೂ ಮುಜುಗರವಾಗದ ಹಾಗಿರಲಿ. ಜಾಗ, ಸಮಯ, ‘ಡೇಟ್’ ಎಂಬ ಪದ, ಮೆಚ್ಚುಗೆ, ಎಲ್ಲವೂ ಎರಡನೇ ಸಾಲಿನ ನಂತರ ಬರಲಿ.

ಮೆಸೇಜ್ ಕಟ್ಟುವ ಕ್ರಮ

1. ಹಳೆಯ ಮಾತುಕತೆಯಲ್ಲಿ ಒಂದು ಎಳೆ ಹುಡುಕಿ. ಚಾಟ್ ತೆರೆದು ಮೇಲಿನಿಂದ ಓದಿಕೊಂಡು ಬನ್ನಿ. ನಿಮಗೆ ಬೇಕಾದದ್ದು ಅವರೇ ಹೇಳಿ ಅರ್ಧಕ್ಕೆ ಬಿಟ್ಟ ಸಂಗತಿ, ಇಲ್ಲವೇ ‘ನಾನು ಇನ್ನೂ ಮಾಡೇ ಇಲ್ಲ’ ಎಂದ ಮಾತು, ಇಲ್ಲವೇ ಇಬ್ಬರಿಗೂ ಒಪ್ಪಿಗೆಯಾಗದ ಒಂದು ಕ್ಷುಲ್ಲಕ ವಿಷಯ. ಬೆಣ್ಣೆ ದೋಸೆಗೆ ದಾವಣಗೆರೆಯವರು ಕೊಡುವ ಚಟ್ನಿಯ ಜಗಳವಾದರೂ ಆದೀತು. ಇಂಥದ್ದನ್ನು ನೆನಪಿಸಿದರೆ ಎರಡು ಲಾಭ. ನೀವು ಅವರ ಮಾತನ್ನು ಕೇಳಿಸಿಕೊಂಡಿದ್ದೀರಿ ಎಂದು ತಿಳಿಯುತ್ತದೆ, ನಾಳೆ ಮೊದಲ ಐದು ನಿಮಿಷ ಏನು ಮಾತಾಡೋದು ಎಂಬ ಚಿಂತೆಯೂ ತಪ್ಪುತ್ತದೆ. ಒಂದೇ ಎಳೆ ಸಾಕು. ಮನೆ, ಕೆಲಸ, ಹಳೆಯ ಸಂಬಂಧ, ಕಾಯಿಲೆ, ಇಂಥ ಭಾರದ ವಿಷಯಗಳನ್ನು ಅವರು ಹೇಳಿಕೊಂಡಿದ್ದರೂ ಇಲ್ಲಿ ಮುಟ್ಟಬೇಡಿ.

2. ಆ ಎಳೆಯನ್ನು ನಾಳೆಗೆ ಕಟ್ಟಿ, ಇವತ್ತೇ ಬಿಚ್ಚಬೇಡಿ. ‘ಆ ಕಥೆ ಏನಾಯ್ತು?’ ಎಂದು ಕೇಳಿದರೆ ಅವರು ಇವತ್ತೇ ಹೇಳಬೇಕಾಗುತ್ತದೆ, ನಾಳೆಗೆ ಏನೂ ಉಳಿಯುವುದಿಲ್ಲ. ‘ಈಗ ಹೇಳ್ಬೇಡಿ, ನಾಳೆ ಕೇಳ್ತೀನಿ’ ಎಂದರೆ ಕಾಯಲು ಒಂದು ಕಾರಣ ಸಿಗುತ್ತದೆ, ಉತ್ತರ ಬರೆಯುವ ಕೆಲಸವೂ ತಪ್ಪುತ್ತದೆ.

3. ಜಾಗ, ಸಮಯ ಒಂದು ಸಾಲಿನಲ್ಲಿ, ಪ್ರಶ್ನೆಯ ಗುರುತಿಲ್ಲದೆ. ‘ನಾಳೆ 4:30ಕ್ಕೆ ಬರ್ತೀರಲ್ಲ?’ ಎಂಬುದರಲ್ಲಿ ಅನುಮಾನ ಇದೆ. ‘ನಾಳೆ 4:30, ಇಂಥ ಗೇಟ್’ ಎಂಬುದರಲ್ಲಿ ಇಲ್ಲ. ಗೊಂದಲ ಆಗಬಹುದಾದ ಕಡೆ ಮಾತ್ರ ಒಂದು ಗುರುತು ಸೇರಿಸಿ.

4. ಭೇಟಿ ಎಷ್ಟು ಹೊತ್ತಿನದು ಎಂದು ತಿಳಿಯುವ ಹಾಗೆ ಮಾಡಿ. ಒತ್ತಡ ಇಳಿಸುವ ಮಾತುಗಳಲ್ಲಿ ಇದರಷ್ಟು ಪ್ರಯೋಜನದ್ದು ಬೇರೊಂದಿಲ್ಲ ಎಂದು ನನಗನಿಸುತ್ತದೆ. ‘ಟೆನ್ಷನ್ ಮಾಡ್ಕೋಬೇಡಿ’ ಎಂದರೆ ಟೆನ್ಷನ್ ನೆನಪಾಗುತ್ತದೆ. ‘ಆರೂವರೆ ತನಕ ನಾನು ಫ್ರೀ’ ಎಂದರೆ ಎದ್ದು ಬರುವುದು ಹೇಗೆ ಎಂಬ ಚಿಂತೆ ಹೇಳದೆಯೇ ಹೋಗುತ್ತದೆ. ಎರಡು ಗಂಟೆಯ ಭೇಟಿ ಮೊದಲ ಸಲಕ್ಕೆ ಧಾರಾಳವಾಯಿತು. ನಿಮಗೆ ನಿಜವಾಗಿ ಬೇರೆ ಕೆಲಸವಿಲ್ಲದಿದ್ದರೆ ಸುಳ್ಳು ಕಾರಣ ಕಟ್ಟಬೇಡಿ. ‘ಒಂದು ರೌಂಡ್ ನಡೆದು, ಕಾಫಿ ಕುಡಿದು ಬರೋಣ’ ಎಂದರೂ ಅಳತೆ ತಿಳಿಯುತ್ತದೆ.

5. ನಿಮ್ಮ ಖುಷಿಯನ್ನು ಒಂದೇ ಸಾಲಿನಲ್ಲಿ ಹೇಳಿ, ಅಲ್ಲಿಗೆ ನಿಲ್ಲಿಸಿ. ಈ ಸಾಲು ಬೇಕೇ ಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ಜಾಣತನ ಮಾತ್ರವಾಗುತ್ತದೆ. ‘ನಾಳೆ ಸಿಗ್ತೀವಿ ಅಂತ ಖುಷಿಯಾಗಿದೆ’ ಎಂಬಷ್ಟು ನೇರವಾಗಿ ಹೇಳಬಹುದು. ಅದರ ಹಿಂದೆ ‘ನಿಮಗೂ?’ ಎಂದು ಸೇರಿಸಬೇಡಿ.

ಒಂದು ಮೆಸೇಜನ್ನು ಕೂತು ತಿದ್ದೋಣ

ಹುಡುಗ ಮಲ್ಲೇಶ್ವರದಲ್ಲಿದ್ದಾನೆ, ಹುಡುಗಿ ಬನಶಂಕರಿಯಲ್ಲಿ. ಅವಳ ಊರು ಹಾಸನ, ಬೆಂಗಳೂರಿಗೆ ಬಂದು ಆರು ವರ್ಷವಾದರೂ ಲಾಲ್‌ಬಾಗ್ ಬಂಡೆ ಹತ್ತಿಲ್ಲ ಎಂದು ಒಮ್ಮೆ ಹೇಳಿದ್ದಳು. ಸುಮಾರು 300 ಕೋಟಿ ವರ್ಷದ ಬಂಡೆ, ಮೇಲೆ ಕೆಂಪೇಗೌಡರ ಗೋಪುರ. ಸರಿ, ಶನಿವಾರ ಬಿಸಿಲು ಇಳಿದ ಮೇಲೆ 4:30ಕ್ಕೆ ಅಲ್ಲೇ ಸಿಗೋಣ ಎಂದು ನಿಗದಿಯಾಯಿತು. ಇಬ್ಬರಿಗೂ ಹಸಿರು ಮಾರ್ಗದ ಮೆಟ್ರೋ ನೇರವಾಗಿ ಸಿಗುತ್ತದೆ, ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದರೆ ಪಶ್ಚಿಮದ ಗೇಟ್ ಹತ್ತಿರವೇ. ಜಾಗದ ಆಯ್ಕೆ ಚೆನ್ನಾಗಿದೆ. ಹಗಲು, ಜನ ಓಡಾಡುವ ತೋಟ, ಸಂಜೆ 7ಕ್ಕೆ ಮುಚ್ಚುತ್ತದೆ, ಆದ್ದರಿಂದ ಭೇಟಿಗೆ ತಾನಾಗಿಯೇ ಒಂದು ಕೊನೆ ಇದೆ. ಇನ್ನೊಂದು ಎಳೆಯೂ ಅವನ ಹತ್ತಿರ ಇದೆ. ಹಾಸನದ ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರ್ ಜತೆ ಆದ ಮಾತುಕತೆಯನ್ನು ಅವಳು ಹೇಳುತ್ತಾ ಹೇಳುತ್ತಾ, ಆಫೀಸಿನ ಕರೆ ಬಂದು ಅರ್ಧಕ್ಕೆ ನಿಲ್ಲಿಸಿದ್ದಳು.

ಶುಕ್ರವಾರ ಸಂಜೆ ಅವನು ಬರೆದ ಮೊದಲ ಕರಡು ಇದು:

“ಹಾಯ್! ಅಂತೂ ನಾಳೆ ನಮ್ಮ ಡೇಟ್! ಬೆಳಗ್ಗೆಯಿಂದ ಕೆಲಸದಲ್ಲಿ ಮನಸ್ಸೇ ಇಲ್ಲ. ನೀವೂ ಎಕ್ಸೈಟ್ ಆಗಿದ್ದೀರಾ? ಲಾಲ್‌ಬಾಗ್ ಹತ್ರ 4:30ಕ್ಕೆ ಖಂಡಿತ ಬರ್ತೀರಲ್ಲ? ಬೇಕಿದ್ರೆ ನಾನೇ ಬೈಕಲ್ಲಿ ಮನೆ ಹತ್ರ ಬಂದು ಕರ್ಕೊಂಡು ಹೋಗ್ತೀನಿ. ಏನೂ ಟೆನ್ಷನ್ ಬೇಡ, ಜಸ್ಟ್ ಫನ್!”

ಬರೆದವನ ಮನಸ್ಸು ಒಳ್ಳೆಯದೇ. ಆದರೂ ಪರೀಕ್ಷೆ ಮಾಡಿ ನೋಡಿ. ಅವಳು ಈಗ ಎಕ್ಸೈಟ್ ಆಗಿದ್ದೇನೆ ಎಂದು ಹೇಳಬೇಕು, ಖಂಡಿತ ಬರುತ್ತೇನೆ ಎಂದು ಮಾತು ಕೊಡಬೇಕು, ಬೈಕಿನ ವಿಷಯಕ್ಕೆ ಬೇಡ ಎನ್ನಬೇಕು, ಅದನ್ನೂ ಅವನಿಗೆ ಬೇಜಾರಾಗದ ಹಾಗೆ ಹೇಳಬೇಕು. ಬೈಕಿನ ಮಾತು ಸಹಾಯದ ಹಾಗೆ ಕಂಡರೂ, ಒಳಗೆ ಅವಳ ಮನೆಯ ವಿಳಾಸ ಕೇಳುತ್ತಿದೆ. ಮೊದಲ ಭೇಟಿಗೆ ಬರುವ ಹುಡುಗಿ ತಾನೇ ಬಂದು ತಾನೇ ಹೊರಡುವ ದಾರಿ ಇಟ್ಟುಕೊಂಡಿರುತ್ತಾಳೆ, ಅದನ್ನು ಮುಟ್ಟಬಾರದು. ಇನ್ನು ‘ನಮ್ಮ ಡೇಟ್’ ಎಂಬುದು ಮೊದಲ ಸಾಲಿನಲ್ಲೇ ಊಟದ ಮೇಜಿನ ಮೇಲೆ ಬೆಳಗಿತು. ‘ಲಾಲ್‌ಬಾಗ್ ಹತ್ರ’ ಎಂದರೆ ಎಲ್ಲಿ? ತೋಟಕ್ಕೆ ನಾಲ್ಕು ದಿಕ್ಕಿಗೆ ಗೇಟುಗಳಿವೆ. ಒಬ್ಬರು ಡಬಲ್ ರೋಡ್ ಕಡೆ, ಇನ್ನೊಬ್ಬರು ಮೆಟ್ರೋ ಕಡೆ ನಿಂತರೆ 240 ಎಕರೆಯ ತೋಟ ದಾಟಿ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ತಿದ್ದಿದ ಮೇಲೆ ಎರಡನೇ ಕರಡು:

“ನಾಳೆ 4:30, ಲಾಲ್‌ಬಾಗ್ ವೆಸ್ಟ್ ಗೇಟ್, ಮೆಟ್ರೋ ಸ್ಟೇಷನ್ ಕಡೇದು. ಆರು ವರ್ಷದಿಂದ ಹತ್ತದೇ ಇರೋ ಬಂಡೆ ಹತ್ತೋಣ. ಕಂಡಕ್ಟರ್ ಕಥೆ ಬಾಕಿ ಇದೆ, ಅದನ್ನೂ ಹೇಳ್ಬೇಕು. ಆಮೇಲೆ ಗಾಂಧಿ ಬಜಾರಲ್ಲಿ ಕಾಫಿ, ಟೈಮ್ ಇದ್ರೆ ಒಂದು ದೋಸೆ. ನಾಳೆ ಸಿಗ್ತೀವಿ ಅಂತ ಖುಷಿಯಾಗಿದೆ.”

ಬಹಳ ಸುಧಾರಿಸಿದೆ, ಆದರೆ ಈಗ ಅದು ಪ್ರವಾಸದ ಪಟ್ಟಿಯಾಗಿದೆ. ಬಂಡೆ, ಕಥೆ, ಕಾಫಿ, ದೋಸೆ, ಇಷ್ಟೂ ಆಗದಿದ್ದರೆ ಏನೋ ಕಡಿಮೆಯಾಯಿತು ಅನಿಸುತ್ತದೆ. ‘ಹೇಳ್ಬೇಕು’ ಎಂಬುದು ಅಪ್ಪಣೆಯ ಹಾಗೆ ಕೇಳಿಸುತ್ತದೆ. ಬಂಡೆಯ ವಿಷಯ ಇಬ್ಬರಿಗೂ ಗೊತ್ತೇ ಇದೆ, ಅದಕ್ಕಾಗಿಯೇ ಆ ಜಾಗ ಆರಿಸಿದ್ದು. ಆದ್ದರಿಂದ ಬಂಡೆಯನ್ನು ಹಿಂದಕ್ಕೆ ತಳ್ಳಿ ಕಂಡಕ್ಟರ್ ಕಥೆಯನ್ನು ಮುಂದಕ್ಕೆ ತರಬೇಕು. ಯಾರ ಕಣ್ಣಿಗೆ ಬಿದ್ದರೂ ಅದು ಬರೀ ಒಂದು ಬಸ್ಸಿನ ಕಥೆ.

“ಆ ಹಾಸನ ಬಸ್ ಕಂಡಕ್ಟರ್ ಕೊನೆಗೂ ಚಿಲ್ಲರೆ ಕೊಟ್ರೋ ಇಲ್ವೋ ಅಂತ ಇವತ್ತೂ ನೆನಪಾಯ್ತು. ಈಗ ಹೇಳ್ಬೇಡಿ, ಬಂಡೆ ಮೇಲೆ ಕೂತ್ಕೊಂಡು ಕೇಳ್ತೀನಿ. ನಾಳೆ 4:30, ವೆಸ್ಟ್ ಗೇಟ್, ಮೆಟ್ರೋ ಕಡೇದು. ಆರೂವರೆ ತನಕ ಫ್ರೀ ಇದ್ದೀನಿ. ಸಿಗ್ತೀವಿ ಅಂತ ಖುಷಿಯಾಗಿದೆ.”

ಇದರಲ್ಲಿ ಪ್ರಶ್ನೆ ಇಲ್ಲ, ಬೇಡಿಕೆ ಇಲ್ಲ. ಅವಳು ಒಂದು ನಗುವ ಮುಖ ಕಳಿಸಿದರೂ ಸಾಕು, ಕಳಿಸದಿದ್ದರೂ ನಡೆಯುತ್ತದೆ. ಮಲಗುವ ಮುಂಚೆ ಕಂಡಕ್ಟರ್ ಕಥೆಯನ್ನು ಹೇಗೆ ಹೇಳಲಿ ಎಂದು ಅವಳು ಮನಸ್ಸಿನಲ್ಲೇ ಒಮ್ಮೆ ಹೊಂದಿಸಿಕೊಂಡಾಳು. ಎದುರುನೋಟ ಶುರುವಾಗುವುದು ಅಲ್ಲಿ.

ಈ ಪದಗಳನ್ನೇ ಎತ್ತಿ ಕಳಿಸಿದರೆ ಪ್ರಯೋಜನವಿಲ್ಲ, ಎಳೆ ನಿಮ್ಮಿಬ್ಬರದೇ ಆಗಿರಬೇಕು. ಚಾಟ್ ಪೂರ್ತಿ ಓದಿದರೂ ಅಂಥದ್ದು ಸಿಗದಿದ್ದರೆ ಹುಟ್ಟಿಸಲು ಹೋಗಬೇಡಿ. ಜಾಗ, ಸಮಯ, ಖುಷಿಯ ಒಂದು ಸಾಲು, ಇಷ್ಟು ಕಳಿಸಿದರೂ ಮೆಸೇಜ್ ಬೆಚ್ಚಗಿರುತ್ತದೆ. ಭಾಷೆಯೂ ಇಲ್ಲಿಯ ತನಕ ಇದ್ದ ಹಾಗೇ ಇರಲಿ. ನೀವು, ತಾವು ಎಂದು ಮಾತಾಡುತ್ತಿದ್ದವರು ಹಿಂದಿನ ಸಂಜೆ ಇದ್ದಕ್ಕಿದ್ದಂತೆ ‘ನೀನು’ ಎಂದರೆ ಓದಿದವರು ಅಲ್ಲೇ ನಿಲ್ಲುತ್ತಾರೆ. ಆ ಬದಲಾವಣೆ ಎದುರೆದುರು ಕೂತಾಗ ತಾನಾಗಿ ಆಗಲಿ. ಧಾರವಾಡದವರು ‘ಸಿಗೋಣ್ರಿ’ ಎಂದೇ ಬರೆಯಲಿ, ಮಂಗಳೂರಿನವರು ತಮ್ಮ ಧಾಟಿಯಲ್ಲೇ ಬರೆಯಲಿ. ನಾಳೆ ಕೇಳುವ ದನಿಗೂ ಇವತ್ತು ಓದಿದ ದನಿಗೂ ಹೊಂದಿಕೆ ಇರಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ರೇಗಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು. ‘ಲೇಟಾಗಿ ಬಂದ್ರೆ ನಾನು ವಾಪಸ್ ಹೋಗ್ತೀನಿ ನೋಡಿ’, ‘ಫೋಟೋದಲ್ಲಿ ಇರೋರೇ ಬರ್ತೀರಾ ತಾನೆ?’ ಇಂಥವು ಎದುರಿಗಿದ್ದಾಗ ನಗುವಿನ ಜತೆ ಹೇಳಿದರೆ ಸಲ್ಲುತ್ತವೆ. ಅಕ್ಷರದಲ್ಲಿ ನಗು ಹೋಗುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ನೋಡಿದರು. ಇಮೇಲಿನಲ್ಲಿ ಬರೆದ ಮಾತು ವ್ಯಂಗ್ಯವೋ ನಿಜವೋ ಎಂದು ಓದುವವರಿಗೆ ತಿಳಿದೇ ತಿಳಿಯುತ್ತದೆ ಎಂದು ಬರೆದವರು ಭಾರಿ ಭರವಸೆಯಿಂದಿದ್ದರು. ಓದಿದವರ ಊಹೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸುವೇ ಮೇಲಿತ್ತು. ಬರೆಯುವಾಗ ನಿಮ್ಮ ಕಿವಿಯಲ್ಲಿ ನಿಮ್ಮದೇ ದನಿ ಇರುತ್ತದೆ. ಓದುವವರಿಗೆ ಆ ದನಿ ಇನ್ನೂ ಗೊತ್ತೇ ಇಲ್ಲ.

ತನ್ನನ್ನು ತಾನು ಮೊದಲೇ ಕಡಿಮೆ ಮಾಡಿಕೊಳ್ಳುವುದು ಇನ್ನೊಂದು. ‘ನಾನು ಜಾಸ್ತಿ ಮಾತಾಡೋನಲ್ಲ, ಬೋರಾದ್ರೆ ಸಾರಿ’ ಎಂದು ಬರೆದರೆ, ಇಲ್ಲ ಇಲ್ಲ, ನೀವು ಹಾಗಿಲ್ಲ ಎಂದು ಸಮಾಧಾನ ಮಾಡುವ ಜವಾಬ್ದಾರಿ ಆ ಕಡೆಗೆ ಹೋಗುತ್ತದೆ. ಮೇಲಾಗಿ, ನಾಳೆ ನಿಮ್ಮಲ್ಲಿ ಏನನ್ನು ಗಮನಿಸಬೇಕು ಎಂದು ನೀವೇ ಬೆರಳು ತೋರಿಸಿಕೊಟ್ಟ ಹಾಗಾಯಿತು.

ಉಡುಪು, ರೂಪದ ಮಾತು ಬೇಡ. ‘ಯಾವ ಡ್ರೆಸ್ ಹಾಕ್ಕೊಂಡು ಬರ್ತೀರಾ?’ ಎಂದು ಕೇಳಿದ ಕ್ಷಣದಿಂದ ಅವರು ಬೀರುವಿನ ಮುಂದೆ ನಿಂತು ಚಿಂತೆ ಮಾಡುತ್ತಾರೆ.

ಒಳ್ಳೆಯ ಮೆಸೇಜಿಗೆ ಒಳ್ಳೆಯ ಉತ್ತರ ಬಂದಾಗಲೂ ಒಂದು ಅಪಾಯವಿದೆ. ಮಾತು ಬೆಳೆಯುತ್ತದೆ, ಹತ್ತಾಗುತ್ತದೆ, ಹನ್ನೆರಡಾಗುತ್ತದೆ. ಅಕ್ಷರದಲ್ಲಿ ಎಲ್ಲರೂ ಯೋಚಿಸಿ ಬರೆಯುತ್ತಾರೆ, ಖಾಲಿ ಬಿಟ್ಟ ಜಾಗವನ್ನು ಓದುವವರು ತಮ್ಮ ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ. ರಾತ್ರಿ ಒಂದು ಗಂಟೆಯ ತನಕ ಹೀಗೆ ಬೆಳೆದ ವ್ಯಕ್ತಿಯ ಜತೆ ಮರುದಿನ ಗೇಟಿನ ಹತ್ತಿರ ನಿಂತ ನಿಜವಾದ ಮನುಷ್ಯ ಪೈಪೋಟಿ ಮಾಡಬೇಕಾಗುತ್ತದೆ. ಉತ್ತರ ಬಂದರೆ ಎರಡು ಮೂರು ಸಲ ಮಾತಾಡಿ, ‘ಉಳಿದದ್ದು ನಾಳೆ’ ಎಂದು ನೀವೇ ಮುಗಿಸಿ.

ಟೈಪ್ ಮಾಡಿದ್ದು ತಪ್ಪಾಗಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷದೊಳಗೆ ತಿದ್ದಬಹುದು, ತಿದ್ದಿದ ಗುರುತು ಮಾತ್ರ ಕಾಣುತ್ತದೆ. ಸಮಯವೋ ಗೇಟೋ ತಪ್ಪಾಗಿದ್ದರೆ ತಿದ್ದಿ. ಭಾವನೆಯ ಸಾಲು ಹೆಚ್ಚಾಯಿತೇನೋ ಅನಿಸಿದರೆ ಹಾಗೇ ಬಿಡಿ. ಕಳಿಸಿ ಅಳಿಸಿದರೆ ಆ ಕಡೆ ಉಳಿಯುವ ‘ಮೆಸೇಜ್ ಅಳಿಸಲಾಗಿದೆ’ ಎಂಬ ಗುರುತು, ನೀವು ಬರೆದಿದ್ದ ಯಾವ ಮಾತಿಗಿಂತಲೂ ಹೆಚ್ಚು ಯೋಚನೆಗೆ ಹಚ್ಚುತ್ತದೆ.

ಮನೆಯವರು ನೋಡಿ ಕೊಟ್ಟ ಭೇಟಿಯಾದರೆ

ಜಾತಕ ಕೂಡಿ, ಮನೆಯವರು ಫೋನಿನಲ್ಲಿ ಮಾತಾಡಿ, ‘ಹುಡುಗ ಹುಡುಗಿ ಒಂದು ಸಲ ಹೊರಗೆ ಕೂತು ಮಾತಾಡಲಿ’ ಎಂದ ಭೇಟಿಗೆ ಒತ್ತಡ ಮೊದಲೇ ಬಂದು ಕೂತಿರುತ್ತದೆ. ಸಂಜೆ ಮನೆಗೆ ಹೋದ ಕೂಡಲೇ ‘ಏನಂತಾರೆ?’ ಎಂಬ ಪ್ರಶ್ನೆ ಇಬ್ಬರಿಗೂ ಕಾದಿರುತ್ತದೆ. ಇಲ್ಲಿ ಹಳೆಯ ಮಾತುಕತೆಯ ಎಳೆಯೂ ಇರುವುದಿಲ್ಲ, ಏಕೆಂದರೆ ಮಾತುಕತೆಯೇ ನಡೆದಿಲ್ಲ. ಹಾಗಾಗಿ ಮೆಸೇಜ್ ಇನ್ನೂ ಚಿಕ್ಕದಾಗಿರಬೇಕು. ಮನೆಯವರ ಹೆಸರು, ನಿರ್ಧಾರ, ಮುಂದಿನ ಹೆಜ್ಜೆ ಯಾವುದೂ ಬರಬಾರದು.

“ನಮಸ್ಕಾರ, ನಾಳೆ 11ಕ್ಕೆ ಸಿಗೋಣ. ಒಂದು ಗಂಟೆ ಆರಾಮಾಗಿ ಕಾಫಿ ಕುಡಿದು ಮಾತಾಡೋಣ ಅಂತ ನನ್ನ ಯೋಚನೆ. ಬಯೋಡೇಟಾದಲ್ಲಿ ಯಕ್ಷಗಾನ ಅಂತ ಬರೆದಿದ್ರಿ, ಅದರ ಬಗ್ಗೆ ಕೇಳ್ಬೇಕು ಅಂತಿದ್ದೀನಿ. ಭೇಟಿಯಾಗೋಕೆ ಸಂತೋಷ.”

ಬಯೋಡೇಟಾದ ಹವ್ಯಾಸದ ಸಾಲನ್ನು ಓದಿದವರು ಕಡಿಮೆ. ಸಂಬಳ, ಗೋತ್ರ, ಎತ್ತರದ ನಡುವೆ ಅದನ್ನು ಗಮನಿಸಿದ್ದೀರಿ ಎಂದರೆ ನೋಡುವ ಕಾರ್ಯಕ್ರಮದಿಂದ ಅವರನ್ನು ತುಸು ಹೊರಗೆ ತಂದ ಹಾಗೆ.

ಉತ್ತರ ಬರದಿದ್ದರೆ

ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ನೀವು ಕಳಿಸಿದ್ದು ಉತ್ತರ ಬೇಡದ ಮೆಸೇಜ್ ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಿ. ನೀಲಿ ಗೆರೆ ಬಾರದಿದ್ದರೂ ಓದಿಲ್ಲ ಎಂದಲ್ಲ, ಅದನ್ನು ಆಫ್ ಮಾಡಿಟ್ಟವರು ಬೇಕಾದಷ್ಟು ಜನ. ಆ ರಾತ್ರಿ ಎರಡನೇ ಮೆಸೇಜ್ ಕಳಿಸಬೇಡಿ. ‘?’ ಎಂಬ ಒಂದೇ ಗುರುತನ್ನೂ ಕಳಿಸಬೇಡಿ. ಮೊದಲ ಮೆಸೇಜ್ ಕಟ್ಟಿದ್ದನ್ನೆಲ್ಲ ಅದು ಕೆಡವುತ್ತದೆ.

ಸಂಜೆ 4:30ರ ಭೇಟಿಯಾದರೆ ಮರುದಿನ 11ರ ಸುಮಾರಿಗೆ ಒಂದು ಸಾಲು ಕಳಿಸಬಹುದು. ಈಗ ಪ್ರಶ್ನೆ ಕೇಳಬಹುದು, ಏಕೆಂದರೆ ಈಗ ನಿಜವಾಗಿ ಮಾಹಿತಿ ಬೇಕು: “ಇವತ್ತು 4:30 ನಿಮಗೆ ಅನುಕೂಲವಾಗುತ್ತಾ? ಆಗದಿದ್ರೆ ಇನ್ನೊಂದು ದಿನ ನೋಡೋಣ.” ಎರಡನೇ ವಾಕ್ಯ ತಪ್ಪದೆ ಇರಲಿ. ಬರಲು ಮನಸ್ಸಿಲ್ಲದವರಿಗೆ ಅದು ಗೌರವದ ದಾರಿ, ನಿಮಗೂ ಗೇಟಿನ ಹತ್ತಿರ ಒಬ್ಬರೇ ನಿಲ್ಲುವುದು ತಪ್ಪುತ್ತದೆ. ಮಧ್ಯಾಹ್ನ 3ರ ತನಕವೂ ಸುದ್ದಿ ಇಲ್ಲದಿದ್ದರೆ ಹೊರಡಬೇಡಿ.

ಕೆಲವರು ಹಿಂದಿನ ಸಂಜೆಯ ಮೆಸೇಜಿಗೇ ‘ಸಾರಿ, ನಾಳೆ ಆಗಲ್ಲ’ ಎಂದು ಬರೆಯುತ್ತಾರೆ. ಕಾರಣ ಕೇಳಬೇಡಿ, ‘ನಾನು ಎಷ್ಟು ಕಾಯ್ತಿದ್ದೆ ಗೊತ್ತಾ’ ಎನ್ನಬೇಡಿ. “ಪರವಾಗಿಲ್ಲ, ಹೇಳಿದ್ದು ಒಳ್ಳೇದಾಯ್ತು. ನಿಮಗೆ ಅನುಕೂಲ ಆದಾಗ ತಿಳಿಸಿ” ಎಂದಷ್ಟೇ ಬರೆಯಿರಿ. ಬೇರೆ ದಿನವನ್ನು ಅವರೇ ಸೂಚಿಸಿದರೆ ಹೊಸದಾಗಿ ಜಾಗ, ಸಮಯ ಗೊತ್ತುಮಾಡಿ. ಸೂಚಿಸದಿದ್ದರೆ ಆ ಚಾಟನ್ನು ಅಲ್ಲಿಗೇ ಬಿಡಿ.